ಹಕ್ಕಿ ಮೊದಲು ಬಂತೇ, ಪಕ್ಷಿ ಮೊದಲು ಬಂತೇ?

ಪ್ರಶ್ನೆ: "ಪಕ್ಷಿ–ಹಕ್ಕಿ, ಪರ್ವ–ಹಬ್ಬ, ಪುಸ್ತಕ–ಹೊತ್ತಗೆ... ಶಾಲೆಯಲ್ಲಿ ಎಲ್ಲವನ್ನೂ ಒಟ್ಟಿಗೆ 'ತದ್ಭವ' ಅಂತ ಬಾಯಿಪಾಠ ಮಾಡಿಸಿದ್ರು. ಇಂಥ ಪದ ಕನ್ನಡಕ್ಕೆ ಯಾವ ಕಾಲದಲ್ಲಿ ಬಂತು ಅಂತ ನಿಜವಾಗ್ಲೂ ಹೇಳೋಕೆ ಆಗುತ್ತಾ? ಅಥವಾ ಬರೀ ಊಹೆನಾ?"

ಹೇಳಬಹುದು. ಇಸವಿ ಸಿಗುವುದಿಲ್ಲ, "ಇದಕ್ಕಿಂತ ಮುಂಚೆ" ಮತ್ತು "ಇದಾದ ಮೇಲೆ" ಎಂಬ ಎರಡು ಗಡಿ ಸಿಗುತ್ತವೆ. ಒಂದು ಗಡಿಯನ್ನು ಧ್ವನಿ ಹಾಕಿಕೊಡುತ್ತದೆ, ಇನ್ನೊಂದನ್ನು ಚರಿತ್ರೆ. ನೀವು ಕೊಟ್ಟಿರುವ ಮೂರೂ ಉದಾಹರಣೆಗಳು ಪಕಾರದಿಂದ ಹಕಾರಕ್ಕೆ ಹೋದವು. ಕನ್ನಡದಲ್ಲಿ ಪದಗಳ ವಯಸ್ಸು ಅಳೆಯಲು ನಮಗಿರುವ ಅತ್ಯುತ್ತಮ ಗಡಿಯಾರವೂ ಅದೇ, ಹಾಗಾಗಿ ಅದೊಂದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಎರವಲು ಪದಗಳನ್ನು ಬದಿಗಿಟ್ಟು ಅಚ್ಚಗನ್ನಡವನ್ನು ನೋಡಿ. ಹಳಗನ್ನಡದ ಪಾಲ್, ಪುಲಿ, ಪೆಣ್, ಪತ್ತು ಇಂದು ಹಾಲು, ಹುಲಿ, ಹೆಣ್ಣು, ಹತ್ತು. ಆದರೆ ಇಪ್ಪತ್ತು ಇಹ್ಹತ್ತಾಗಲಿಲ್ಲ, ಎಂಬತ್ತು ಎಂಹತ್ತಾಗಲಿಲ್ಲ. ಅಂದರೆ ಈ ಬದಲಾವಣೆ ಮನಬಂದಂತೆ ಆದದ್ದಲ್ಲ. ಪದದ ಮೊದಲಲ್ಲಿರುವ ಒಂಟಿ ಪಕಾರ ಮಾತ್ರ ಹಕಾರವಾಯಿತು. ಒತ್ತಕ್ಷರವಾಗಿದ್ದರೆ, ಅನುನಾಸಿಕದ ನಂತರ ಬಂದಿದ್ದರೆ ಅದನ್ನು ಮುಟ್ಟಲಿಲ್ಲ. ಪಂಪೆ ಹಂಪೆಯಾದದ್ದು ಇದಕ್ಕೆ ಒಳ್ಳೆಯ ಸಾಕ್ಷಿ: ಒಂದೇ ಪದದಲ್ಲಿ ಎರಡು ಪಕಾರ, ಮೊದಲನೆಯದು ಹೋಯಿತು, ಎರಡನೆಯದು ಉಳಿಯಿತು. ಹೀಗೆ ನಿಯಮ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಾದ ಮೇಲೆಯೇ ಅದು ಗಡಿಯಾರವಾಗುವುದು. ಅಲ್ಲಿಯವರೆಗೆ ಎರಡು ಪದ ಕೇಳಲು ಒಂದೇ ಥರ ಇವೆ ಅನ್ನುವುದಷ್ಟೇ ಉಳಿಯುತ್ತದೆ.

ಇನ್ನು ಗಡಿಯಾರಕ್ಕೆ ಮುಳ್ಳು ಬೇಕು. ಅದನ್ನು ಕೊಡುವವು ಶಾಸನಗಳು, ಯಾಕೆಂದರೆ ಕಲ್ಲಿನ ಮೇಲೆ ಕೆತ್ತಿದ್ದನ್ನು ಆಮೇಲೆ ಯಾರೂ ತಿದ್ದಿ ಪ್ರತಿ ಮಾಡುವುದಿಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪಲ್ಮಡಿ ಎಂದಿದೆ. ಹತ್ತನೇ ಶತಮಾನದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕುತ್ತದೆ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಎರಡೂ ರೂಪ ಜೊತೆಜೊತೆಯಾಗಿ ಓಡಾಡುತ್ತವೆ. ಒಂದೇ ಅರಸುಮನೆತನವನ್ನು ಪೊಯ್ಸಳ ಎಂದೂ ಹೊಯ್ಸಳ ಎಂದೂ ಕೆತ್ತಿರುವುದು ಈ ಕಾಲದ್ದೇ. ಹದಿನಾಲ್ಕನೇ ಶತಮಾನದ ಹೊತ್ತಿಗೆ ಹಕಾರ ಗೆದ್ದಾಗಿತ್ತು. ವಚನಗಳಲ್ಲಿ ಹಕಾರ ಧಾರಾಳವಾಗಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ನಮ್ಮ ಕೈಗೆ ಸಿಕ್ಕಿರುವ ಓಲೆಗರಿಗಳು ವಚನಕಾರರ ಕಾಲದವಲ್ಲ, ಬಹಳ ನಂತರದ ಪ್ರತಿಗಳು. ಪ್ರತಿಕಾರ ತನ್ನ ಕಾಲದ ಉಚ್ಚಾರಣೆಯನ್ನು ಅದರಲ್ಲಿ ತುಂಬಿರಬಹುದು. ಕಾಲ ಗೊತ್ತುಮಾಡುವ ವಿಷಯದಲ್ಲಿ ನಾನು ಓಲೆಗರಿಗಿಂತ ಕಲ್ಲನ್ನೇ ನಂಬುತ್ತೇನೆ.

ಈಗ ಎರವಲಿಗೆ ಬನ್ನಿ. ಹಕ್ಕಿ, ಹಬ್ಬ, ಹುಣ್ಣಿಮೆ, ಹೊತ್ತಗೆ, ಹಿಪ್ಪಲಿ ಇವೆಲ್ಲ ಹಾಲು, ಹುಲಿಗಳ ಜೊತೆಯಲ್ಲೇ ಪಕಾರ ಕಳೆದುಕೊಂಡವು. ಕಳೆದುಕೊಳ್ಳಬೇಕಾದರೆ ಆ ಹೊತ್ತಿಗೆ ಅವು ಕನ್ನಡದ ಒಳಗೆ, ಜನರ ಬಾಯಲ್ಲಿ ಇರಲೇಬೇಕು. ಇದು ಮೊದಲ ಗಡಿ.

ಎರಡನೆಯ ಗಡಿ ಆ ಪದಗಳ ನಡುವಿನ ವ್ಯಂಜನಗಳಲ್ಲಿದೆ. ಪುಸ್ತಕದ 'ಸ್ತ' ಹೊತ್ತಗೆಯಲ್ಲಿ 'ತ್ತ' ಆಗಿದೆ, ಉಕಾರ ಒಕಾರವಾಗಿದೆ. ಪಕ್ಷಿಯ 'ಕ್ಷ' 'ಕ್ಕ' ಆಗಿದೆ, ಪೂರ್ಣಿಮೆಯ 'ರ್ಣ' 'ಣ್ಣ' ಆಗಿದೆ. ಇದನ್ನೆಲ್ಲ ಕನ್ನಡಿಗರು ಮಾಡಿದ್ದಲ್ಲ. ಪ್ರಾಕೃತದಲ್ಲಿ ಆಗಲೇ ಪೊತ್ಥಅ, ಪಕ್ಖಿ, ಪುಣ್ಣಿಮಾ ಎಂಬ ರೂಪಗಳಿದ್ದವು. ನಾವು ತೆಗೆದುಕೊಂಡದ್ದು ಅವನ್ನು, ನಾವು ಬಿಟ್ಟದ್ದು ಮಹಾಪ್ರಾಣವನ್ನಷ್ಟೇ. ಆದ್ದರಿಂದ "ಪಕ್ಷಿ ಎಂಬ ಸಂಸ್ಕೃತ ಪದ ಸವೆದು ಹಕ್ಕಿಯಾಯಿತು" ಎಂದು ಶಾಲೆಯಲ್ಲಿ ಹೇಳಿಕೊಡುವುದು ಅರ್ಧ ಸರಿ. ಸವೆದದ್ದು ನಿಜ, ಆದರೆ ಮುಕ್ಕಾಲು ಪಾಲು ಸವೆತ ಕನ್ನಡಕ್ಕೆ ಬರುವ ಮೊದಲೇ ಮುಗಿದಿತ್ತು.

ಈ ನೆಲದಲ್ಲಿ ಪ್ರಾಕೃತ ಯಾವಾಗ ಇತ್ತು ಎಂಬುದನ್ನು ಚರಿತ್ರೆ ಹೇಳುತ್ತದೆ. ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳಲ್ಲಿ ಅಶೋಕನ ಶಾಸನಗಳಿವೆ, ಕ್ರಿ.ಪೂ. ಮೂರನೇ ಶತಮಾನದವು, ಪ್ರಾಕೃತದವು. ಶಾತವಾಹನರ ಆಡಳಿತ ಭಾಷೆಯೂ ಪ್ರಾಕೃತ. ನಾಲ್ಕನೇ ಶತಮಾನದ ಮಯೂರವರ್ಮನ ಚಂದ್ರವಳ್ಳಿ ಶಾಸನ ಪ್ರಾಕೃತದಲ್ಲಿದೆ, ಅದೇ ಕದಂಬರ ತಾಳಗುಂದದ ಕಂಬ ಐದನೇ ಶತಮಾನಕ್ಕೆ ಸಂಸ್ಕೃತಕ್ಕೆ ತಿರುಗಿದೆ. ಸುಮಾರು ಏಳು ಶತಮಾನಗಳ ಕಾಲ ಸರ್ಕಾರಿ ಕಾಗದ ಪತ್ರವೆಲ್ಲ ಪ್ರಾಕೃತದಲ್ಲಿ ನಡೆದಿದ್ದರೆ ಹಬ್ಬ ಹುಣ್ಣಿಮೆಯ ಮಾತು ಅಲ್ಲಿಂದ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಬಹಳ ಇಷ್ಟದ ಪದ ಹಗರಣ. ಸಂಸ್ಕೃತದಲ್ಲಿ ಪ್ರಕರಣ ಎಂದರೆ ಬೇರೆ ಅರ್ಥಗಳ ಜೊತೆಗೆ ಒಂದು ಬಗೆಯ ನಾಟಕ. ಅದು ಹಳಗನ್ನಡದಲ್ಲಿ ಪಗರಣವಾಗಿ ವಿಡಂಬನೆಯ ಆಟ, ಅಣಕು ಎಂಬ ಅರ್ಥ ಪಡೆಯಿತು. ಪಕಾರ ಹಕಾರವಾದಾಗ ಹಗರಣವಾಯಿತು. ಉತ್ತರ ಕನ್ನಡದಲ್ಲಿ ವೇಷ ಕಟ್ಟಿ ಅಣಕಿಸುವ ಜನಪದ ಆಟಕ್ಕೆ ಇಂದಿಗೂ ಹಗರಣ ಎಂದೇ ಹೆಸರು. ಆಟದಿಂದ ನಗೆಪಾಟಲಿಗೆ, ನಗೆಪಾಟಲಿನಿಂದ ಮಾನಗೇಡಿಗೆ ಅರ್ಥ ಜಾರಿ ಈಗ ಭೂಹಗರಣದವರೆಗೆ ಬಂದಿದೆ. ಇತ್ತ ಅದೇ ಪ್ರಕರಣ ಗ್ರಂಥಗಳ ಮೂಲಕ ಮತ್ತೊಮ್ಮೆ ಬಂದು ಪುಸ್ತಕದ ಅಧ್ಯಾಯವೂ ಆಯಿತು, ಕೋರ್ಟಿನ ಕೇಸೂ ಆಯಿತು. "ಹಗರಣ: ಹತ್ತು ಮಂದಿ ವಿರುದ್ಧ ಪ್ರಕರಣ" ಎಂದು ಪತ್ರಿಕೆಯವರು ಬರೆದಾಗ ಒಂದೇ ಪದ ಎರಡು ಸಲ ಅಚ್ಚಾಗಿರುತ್ತದೆ. ಧ್ವನಿ ಎಷ್ಟು ಬದಲಾಗಿದೆಯೋ ಅರ್ಥವೂ ಅಷ್ಟೇ ದೂರ ಸರಿದಿರುವುದನ್ನು ಗಮನಿಸಿ. ಧ್ವನಿಯನ್ನು ನಂಬಬಹುದೋ ಇಲ್ಲವೋ ಎಂಬ ಅನುಮಾನ ಬಂದಾಗ ನಾನು ನೋಡುವುದು ಇದನ್ನೇ.

ಆಚೆ ಬದಿಯಿಂದಲೂ ಪರೀಕ್ಷೆ ಮಾಡೋಣ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಅಲ್ಲಿಂದ ಆದಿಲ್‌ಶಾಹಿ, ಮರಾಠರು, ಹೈದರ್–ಟಿಪ್ಪು ಕಾಲದವರೆಗೆ ಪಾರಸಿಯ ಪದಗಳು ಹರಿದು ಬಂದವು: ಪರದೆ, ಪರವಾನಗಿ, ಪೈಲ್ವಾನ, ಪಾಯಖಾನೆ. ಒಂದೂ ಹಕಾರವಾಗಿಲ್ಲ. ಫುರ್ಸತ್ ಎಂಬುದರ 'ಫ' ಕೂಡ ನಮ್ಮ ಬಾಯಲ್ಲಿ 'ಪ' ಆಗಿ ಅಲ್ಲಿಗೇ ನಿಂತಿತು. ಒಂಬತ್ತನೇ ಶತಮಾನದಲ್ಲೇ ಬಂದಿದ್ದರೆ ಇವತ್ತು ನಾವು "ಹುರುಸೊತ್ತಿಲ್ಲ" ಎನ್ನುತ್ತಿದ್ದೆವು.

ಪಪ್ಪಾಯಿ ಇನ್ನೂ ಖಚಿತ. ಆ ಗಿಡ ಅಮೆರಿಕ ಖಂಡದ್ದು, ಹೆಸರು ಪೋರ್ಚುಗೀಸರ ಬಾಯಿಂದ ಬಂದದ್ದು. ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಆ ಕಾಲಕ್ಕಿಂತ ಮುಂಚೆ ಹಣ್ಣೇ ಇಲ್ಲದ ಮೇಲೆ ಹೆಸರೆಲ್ಲಿಂದ ಬರಬೇಕು? ಇಲ್ಲಿ ಕಾಲವನ್ನು ಹೇಳಿದ್ದು ವಸ್ತು, ಧ್ವನಿ ಅಲ್ಲ. ಧ್ವನಿ ಅದಕ್ಕೆ ಹೂಂಗುಟ್ಟುತ್ತದೆ. ಎರಡು ಬೇರೆ ಬೇರೆ ಸಾಕ್ಷಿಗಳು ಮಾತಾಡಿಕೊಳ್ಳದೆ ಒಂದೇ ಹೇಳಿಕೆ ಕೊಟ್ಟರೆ ಅದಕ್ಕೆ ಬೆಲೆ. ಆದರೆ ಇದರಲ್ಲೂ ಎಚ್ಚರ ಬೇಕು: ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು, ಆದರೆ ಮೆಣಸು ಎಂಬ ಪದ ನಮ್ಮಲ್ಲಿ ಮೊದಲೇ ಇತ್ತು, ಕಾಳುಮೆಣಸಿಗೆ. ಹೊಸ ವಸ್ತುವಿಗೆ ಹಳೆಯ ಹೆಸರನ್ನು ತೊಡಿಸಿದಾಗ ವಸ್ತುವಿನ ಕಾಲದಿಂದ ಪದದ ಕಾಲ ತಿಳಿಯುವುದಿಲ್ಲ.

ಈ ವಿಧಾನವನ್ನು ಹೊಸದಾಗಿ ಕಲಿತವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಹಕಾರವಿದ್ದರೆ ಹಳೆಯದು, ಸರಿ. ಹಾಗೆಂದು ಪಕಾರವಿದ್ದರೆ ಹೊಸದು ಎಂದು ತೀರ್ಮಾನಿಸುತ್ತಾರೆ. ಅದು ಆಗುವುದಿಲ್ಲ. ಪಾಪ, ಪುಣ್ಯ, ಪೂಜೆ ಹಳಗನ್ನಡದಿಂದಲೂ ಇವೆ. ಮಠದಲ್ಲಿ, ಪುರಾಣದಲ್ಲಿ, ಪೂಜೆಯಲ್ಲಿ ಮೂಲರೂಪ ದಿನವೂ ಕಿವಿಗೆ ಬೀಳುತ್ತಿದ್ದುದರಿಂದ ಅವು ಬದಲಾಗದೆ ಉಳಿದವು, ಅಥವಾ ಬದಲಾದರೂ ತಿದ್ದಿಕೊಂಡವು. ಅಚ್ಚಗನ್ನಡದಲ್ಲೇ ಇದು ಕಾಣುತ್ತದೆ. ಹಳೆಯ 'ಪಡೆ' ಕ್ರಿಯಾಪದಕ್ಕೆ ಹೊಂದು, ಹೆರು ಎಂಬ ಎರಡೂ ಅರ್ಥವಿದ್ದವು. ಹೆರುವ ಅರ್ಥದಲ್ಲಿ ಅದು ಮನೆಮಾತಾಗಿ 'ಹಡೆ' ಆಯಿತು, ಹೊಂದುವ ಅರ್ಥದಲ್ಲಿ ಬರಹದ ಆಸರೆಯಿಂದ 'ಪಡೆ'ಯಾಗಿಯೇ ಉಳಿಯಿತು. ಆದ್ದರಿಂದ ಈ ಸಾಕ್ಷಿ ಒಂದೇ ದಿಕ್ಕಿಗೆ ನಡೆಯುತ್ತದೆ. ಪಕಾರವನ್ನು ಹಿಡಿದು ಕಾಲ ಹೇಳಬೇಕಾದರೆ ಪಪ್ಪಾಯಿಯಂತೆ ಬೇರೊಂದು ಆಧಾರ ಬೇಕೇ ಬೇಕು.

ವಕಾರ ಬಕಾರವಾಗುವುದನ್ನೂ (ವರ್ಣ–ಬಣ್ಣ, ವೀಥಿ–ಬೀದಿ) ಹೀಗೆ ಬಳಸಬಹುದೇ ಎಂದು ಮುಂದೆ ಕೇಳುತ್ತೀರಿ ಎಂದುಕೊಂಡಿದ್ದೇನೆ. ನಾನು ಬಳಸಲು ಹಿಂಜರಿಯುತ್ತೇನೆ. ಆ ಬದಲಾವಣೆ ಹಲ್ಮಿಡಿ ಶಾಸನಕ್ಕೂ ಹಳೆಯದು. ಅಲ್ಲಿ ಬರುವ ಬಾಳ್ಗಳ್ಚು ಎಂಬ ಪದದ 'ಬಾಳ್' ತಮಿಳಿನ 'ವಾಳ್', ಅಂದರೆ ಕತ್ತಿ. ಆದರೆ ಆಮೇಲೆಯೂ ಕವಿಗಳು ಸಂಸ್ಕೃತ ಪದವನ್ನು ಕನ್ನಡವಾಗಿಸಲು ವಕಾರವನ್ನು ಬೇಕೆಂದೇ ಬಕಾರ ಮಾಡುತ್ತಿದ್ದರು. ಹದಿಮೂರನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ತದ್ಭವಗಳಿಗಾಗಿಯೇ ಅಪಭ್ರಂಶ ಪ್ರಕರಣ ಎಂಬ ಒಂದು ಭಾಗವನ್ನು ಇಟ್ಟಿದ್ದಾನೆ. ಬೇಕಾದಾಗ ತಿರುಗಿಸಿಕೊಳ್ಳಬಹುದಾದ ಮುಳ್ಳು ಸಮಯ ತೋರಿಸುವುದಿಲ್ಲ.

ಹಕ್ಕಿ, ಹಬ್ಬ, ಹೊತ್ತಗೆಗಳ ವಿಷಯಕ್ಕೆ ಬಂದರೆ, ಕೆಳಗಿನ ಗಡಿ ಮೌರ್ಯರ ಕಾಲದ ಆಸುಪಾಸು, ಮೇಲಿನ ಗಡಿ ಪ–ಹ ಎರಡೂ ಜೊತೆಗಿದ್ದ ಕಾಲದ ಕೊನೆ, ಅಂದರೆ ಸುಮಾರು ಹದಿಮೂರನೇ ಶತಮಾನ. "ಪಾಲು ಎಂದರೂ ಹಾಲು ಎಂದರೂ ಒಂದೇ" ಎಂದು ತಿಳಿದಿದ್ದವನು ಆಗತಾನೇ ಬಂದ ಪದವನ್ನೂ ಹಾಗೆ ತಿರುಗಿಸಬಲ್ಲ, ಅದಕ್ಕೇ ಮೇಲಿನ ಗಡಿಯನ್ನು ಹತ್ತನೇ ಶತಮಾನಕ್ಕೆ ಇಳಿಸುತ್ತಿಲ್ಲ. ಪ್ರಾಕೃತ ರೂಪ ಇದೆ ಎಂದಮಾತ್ರಕ್ಕೆ ಕದಂಬರಿಗಿಂತ ಮುಂಚಿನದು ಎನ್ನಲೂ ಬರುವುದಿಲ್ಲ. ಅರಮನೆ ಸಂಸ್ಕೃತಕ್ಕೆ ತಿರುಗಿದ ಮೇಲೂ ಬಸದಿಗಳಲ್ಲಿ ಜೈನ ಮುನಿಗಳು ಶತಮಾನಗಳ ಕಾಲ ಪ್ರಾಕೃತವನ್ನು ಓದಿದರು, ಬರೆದರು. ಹೊತ್ತಗೆಯಂಥ ಓದುಬರಹದ ಪದ ಆ ದಾರಿಯಿಂದಲೂ ಬಂದಿರಬಹುದು. ಹಬ್ಬ, ಹಕ್ಕಿ, ಹುಣ್ಣಿಮೆಗಳಿಗೆ ಮುನಿಗಳ ಮಧ್ಯಸ್ಥಿಕೆ ಬೇಕಿರಲಿಲ್ಲ ಎಂಬುದು ನನ್ನ ಅಂದಾಜು, ತುಳುವಿನಲ್ಲೂ ಪರ್ಬ, ಪಕ್ಕಿ ಎಂದು ಪಕಾರದೊಂದಿಗೇ ಅವು ಮನೆಮಾತಾಗಿವೆ.