ಉತ್ತರವಿರುವ ಚಿಂತೆ, ಉತ್ತರವಿಲ್ಲದ ಚಿಂತೆ

ಶಾರದಾ ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು ಐವತ್ತರ ಹತ್ತಿರ. ಹೆಸರು, ಊರು, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ ಎಂದು ಮೊದಲು ವೈದ್ಯರ ಬಳಿ ಹೋಗಿದ್ದರು. ಥೈರಾಯಿಡ್, ರಕ್ತದೊತ್ತಡ ಎಲ್ಲವೂ ಸರಿಯಾಗಿದ್ದುದರಿಂದ ವೈದ್ಯರು ನನ್ನಲ್ಲಿಗೆ ಕಳುಹಿಸಿದರು. ಆತಂಕವನ್ನು ಅಳೆಯುವ ಏಳು ಪ್ರಶ್ನೆಗಳ ಜಿಎಡಿ-7 ಪಟ್ಟಿಯಲ್ಲಿ ಅವರಿಗೆ 21ಕ್ಕೆ 9 ಬಂತು. ಐದರಿಂದ ಒಂಬತ್ತರವರೆಗಿನದು ಸೌಮ್ಯ ಆತಂಕ. ಶಾಲೆಗೆ ರಜೆ ಹಾಕುತ್ತಿರಲಿಲ್ಲ, ಅಡುಗೆ ನಿಂತಿರಲಿಲ್ಲ. ಆದರೆ ದಿನವಿಡೀ ತಲೆಯೊಳಗೆ ಒಂದು ಮಾತುಕತೆ ನಡೆಯುತ್ತಲೇ ಇತ್ತು.

ಕೇಳುತ್ತಾ ಹೋದಂತೆ ಎರಡು ಚಿಂತೆಗಳು ಬೇರೆಯಾಗಿ ಕಂಡವು. ಒಂದು ಮಗಳದು. ಅವಳು ಬೆಂಗಳೂರಿನಲ್ಲಿ ಎರಡನೇ ಪಾಳಿ ಮುಗಿಸಿ ಕಂಪನಿಯ ಕ್ಯಾಬಿನಲ್ಲಿ ರಾತ್ರಿ ಹನ್ನೊಂದೂವರೆಗೆ ಪಿಜಿ ತಲುಪುತ್ತಾಳೆ. ಫೋನ್ ಎತ್ತದಿದ್ದರೆ ತಾಯಿಗೆ ಅಪಘಾತದ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಇನ್ನೊಂದು ತಮ್ಮದೇ ನೆನಪಿನ ಶಕ್ತಿಯದು. ಶಾರದಾ ಅವರ ತಾಯಿ ಕೊನೆಯ ಕಾಲದಲ್ಲಿ ಮಕ್ಕಳ ಗುರುತು ಹಿಡಿಯಲಾರದ ಸ್ಥಿತಿಗೆ ಹೋಗಿದ್ದರು. ತರಗತಿಯಲ್ಲಿ ಹುಡುಗನೊಬ್ಬನ ಹೆಸರು ತಟ್ಟನೆ ಹೊಳೆಯದಿದ್ದರೆ ‘ಶುರುವಾಯಿತು’ ಎಂದು ಇವರಿಗೆ ಅನ್ನಿಸುತ್ತಿತ್ತು.

ಮೊದಲನೆಯದಕ್ಕೆ ಸಿಬಿಟಿ, ಅಂದರೆ ಅರಿವು-ವರ್ತನಾ ಚಿಕಿತ್ಸೆಯ ದಾರಿ ಹಿಡಿದೆವು. ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಈ ವಿಧಾನ ಯೋಚನೆಯನ್ನು ತೀರ್ಪಿನಂತೆ ನೋಡದೆ, ಪರೀಕ್ಷಿಸಬಹುದಾದ ಊಹೆಯಂತೆ ನೋಡುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಲು ಹೇಳಿದೆ: ಏನಾಗಿರಬಹುದು ಎಂದುಕೊಂಡೆ, ನೂರಕ್ಕೆ ಎಷ್ಟು ಖಚಿತ, ನಿಜವಾಗಿ ಏನಾಯಿತು. ಮೊದಲ ರಾತ್ರಿ ‘ಅಪಘಾತ, 80’ ಎಂದು ಬರೆದಿದ್ದರು. ಮೂರನೆಯ ಕಾಲಂನಲ್ಲಿ ‘ಫೋನ್ ಸೈಲೆಂಟ್‌ನಲ್ಲಿತ್ತು’. ಮುಂದಿನ ಸಾಲುಗಳಲ್ಲಿ ಚಾರ್ಜ್ ಮುಗಿದದ್ದು, ಸ್ನಾನಕ್ಕೆ ಹೋದದ್ದು, ಗೆಳತಿಯ ಹುಟ್ಟುಹಬ್ಬ.

ಬರೆದುಕೊಂಡ ಮಾತ್ರಕ್ಕೆ ಚಿಂತೆ ಇಳಿಯಲಿಲ್ಲ. ಇಂಥ ನೋಟ್‌ಬುಕ್ಕುಗಳು ಅರ್ಧಕ್ಕೇ ನಿಲ್ಲುವುದು ಇಲ್ಲಿಯೇ. ಫೋನ್ ಎತ್ತದಿದ್ದರೆ ಅವರು ಮತ್ತೆ ಮತ್ತೆ ಕರೆ ಮಾಡುತ್ತಿದ್ದರು, ಪಿಜಿಯ ಮಾಲಕಿಯನ್ನೂ ಎಬ್ಬಿಸುತ್ತಿದ್ದರು. ಮಗಳು ಕ್ಷೇಮವೆಂದು ತಿಳಿದಾಗ ಮನಸ್ಸು ಕಲಿಯುತ್ತಿದ್ದುದು ‘ಅಪಾಯ ಇರಲಿಲ್ಲ’ ಎಂಬುದನ್ನಲ್ಲ, ‘ವಿಚಾರಿಸಿದ್ದರಿಂದ ಸರಿಹೋಯಿತು’ ಎಂಬುದನ್ನು. ಆದ್ದರಿಂದ ಒಂದು ಪ್ರಯೋಗ ಸೇರಿಸಿದೆವು. ಮಗಳಿಗೂ ತಿಳಿಸಿ, ಒಮ್ಮೆ ಕರೆ ಮಾಡಿದ ಮೇಲೆ 45 ನಿಮಿಷ ಮತ್ತೆ ಮಾಡಬಾರದು, ಹತ್ತು ನಿಮಿಷಕ್ಕೊಮ್ಮೆ ಆತಂಕಕ್ಕೆ ಹತ್ತರಲ್ಲಿ ಅಂಕ ಕೊಡಬೇಕು. ಎಂಟರಿಂದ ಶುರುವಾದದ್ದು ಒಂಬತ್ತಕ್ಕೇರಿ, ಯಾರೂ ಸಮಾಧಾನ ಹೇಳದೆಯೇ ಐದಕ್ಕೆ ಇಳಿಯಿತು. ಆ ಇಳಿತವನ್ನು ಅವರು ಅದೇ ಮೊದಲ ಸಲ ಕಂಡಿದ್ದು, ಏಕೆಂದರೆ ಅದಕ್ಕೆ ಮುಂಚೆ ಅಷ್ಟು ಹೊತ್ತು ಕಾದವರೇ ಅಲ್ಲ. ಕೆಲವು ವಾರಗಳಲ್ಲಿ ಎರಡನೆಯ ಕಾಲಂನ ಅಂಕೆ 20ರ ಆಸುಪಾಸಿಗೆ ಬಂತು.

ಇದರಿಂದ ಹುರುಪುಗೊಂಡು ಮರೆವಿನ ಚಿಂತೆಗೂ ಅದೇ ನೋಟ್‌ಬುಕ್ ತೆರೆದರು. ಒಂದು ಬದಿಗೆ ಕಾಯಿಲೆ ಇದೆ ಎನ್ನುವುದಕ್ಕೆ ಪುರಾವೆ, ಇನ್ನೊಂದು ಬದಿಗೆ ಇಲ್ಲ ಎನ್ನುವುದಕ್ಕೆ. ಮುಂದಿನ ಭೇಟಿಯ ಹೊತ್ತಿಗೆ ಪುಟಗಳು ತುಂಬಿದ್ದವು. ಬೆಳಿಗ್ಗೆ ಎದ್ದು ಹದಿನೇಳರ ಮಗ್ಗಿ ಹೇಳಿಕೊಳ್ಳುವುದು, ಹಾಜರಿ ಪುಸ್ತಕದ ಹೆಸರುಗಳನ್ನು ನೋಡದೆ ಒಪ್ಪಿಸುವುದು, ತಪ್ಪಿದರೆ ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುವುದು.

“ನನಗೆ ಬರುವುದಿಲ್ಲ ಅಲ್ಲವೇ ಮೇಡಂ?” ಎಂದರು.

“ಬರುವುದಿಲ್ಲ ಎಂದು ನಾನು ಹೇಳಿದರೆ ಎಷ್ಟು ಹೊತ್ತು ನೆಮ್ಮದಿ ಇರುತ್ತದೆ?”

ಸ್ವಲ್ಪ ಯೋಚಿಸಿ, “ಬಸ್ ಹತ್ತುವವರೆಗೆ” ಎಂದರು.

ದಾರಿ ಬದಲಿಸಬೇಕೆಂದು ನನಗೆ ತಿಳಿದದ್ದು ಆ ಉತ್ತರದಿಂದ. ಮಗಳ ಪ್ರಶ್ನೆಗೆ ರಾತ್ರಿಯೊಳಗೆ ಉತ್ತರ ಬರುತ್ತದೆ, ಮೂರನೆಯ ಕಾಲಂ ತುಂಬುತ್ತದೆ. ಇಪ್ಪತ್ತು ವರ್ಷದ ನಂತರದ ನೆನಪಿನ ಪ್ರಶ್ನೆಗೆ ಆ ಕಾಲಂ ಖಾಲಿಯೇ ಉಳಿಯುತ್ತದೆ. ಖಾಲಿ ಜಾಗವನ್ನು ಮನಸ್ಸು ವಾದದಿಂದ ತುಂಬಲು ಹೊರಟರೆ ಪುರಾವೆಯ ಪಟ್ಟಿಯೂ ಚಿಂತೆಯ ಇನ್ನೊಂದು ಸುತ್ತಾಗುತ್ತದೆ. ಹೀಗಾಗುತ್ತಿದೆ ಎಂದು ಗುರುತಿಸಲು ಎರಡು ಸೂಚನೆಗಳಿವೆ: ಬರಹ ದಿನೇ ದಿನೇ ಉದ್ದವಾಗುತ್ತದೆ, ಮತ್ತು ಮುಗಿಸಿದ ಕೂಡಲೇ ‘ಸರಿ ತಾನೇ?’ ಎಂದು ಇನ್ನೊಬ್ಬರನ್ನು ಕೇಳಬೇಕೆನ್ನಿಸುತ್ತದೆ.

ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆಯನ್ನು, ಅಂದರೆ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ ‘ಆಕ್ಟ್’ ಅನ್ನು, ಇಲ್ಲಿ ತಂದೆವು. ಇದರಲ್ಲಿ ಯೋಚನೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಬದಿಗಿಡುತ್ತೇವೆ. ‘ನನಗೆ ಮರೆವು ಶುರುವಾಗಿದೆ’ ಎಂಬುದನ್ನು ‘ನನಗೆ ಮರೆವು ಶುರುವಾಗಿದೆ ಎಂಬ ಯೋಚನೆ ಈಗ ಬಂದಿದೆ’ ಎಂದು ಹೇಳಿಕೊಳ್ಳುವ ಅಭ್ಯಾಸ ಕೊಟ್ಟೆ. ಎದೆಯ ಬಿಗಿತವನ್ನು ಓಡಿಸದೆ, ಅದು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಉಸಿರಾಡುತ್ತಾ ಗಮನಿಸಲು ಹೇಳಿದೆ. ಬಂದದ್ದೆಲ್ಲ ಹಣೆಬರಹ ಎಂದು ಕೈಚೆಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಚಿಂತೆಯ ಕಾರಣಕ್ಕೆ ಏನನ್ನು ಬಿಟ್ಟಿದ್ದೀರಿ ಎಂಬುದು ಇಲ್ಲಿನ ಮುಂದಿನ ಪ್ರಶ್ನೆ.

ಅವರು ಬಿಟ್ಟಿದ್ದು ಶುಕ್ರವಾರದ ಭಜನಾ ಮಂಡಳಿಯನ್ನು. ದಾಸರ ಪದ ಹಾಡುವಾಗ ನಡುವೆ ಚರಣ ಮರೆತುಹೋದರೆ ಎಲ್ಲರ ಮುಂದೆ ಗೊತ್ತಾಗುತ್ತದೆ ಎಂಬ ಭಯ. ಮೊದಲ ಭೇಟಿಯಲ್ಲಿ ‘ಸಮಯ ಸಿಗುವುದಿಲ್ಲ’ ಎಂದಿದ್ದರು. ಹಾಡುವುದು ಅವರಿಗೆ ಎಷ್ಟು ಬೇಕಾದದ್ದು ಎಂದು ಮಾತಾಡಿದ ಮೇಲೆ ಹೆಜ್ಜೆ ಸ್ಪಷ್ಟವಾಯಿತು: ಭಯ ಇಳಿಯಲಿ ಎಂದು ಕಾಯದೆ, ಭಯದ ಜೊತೆಗೇ ಹೋಗಿ ಒಂದು ಪದ ಹಾಡುವುದು.

ಮರುವಾರ ಬೇಸರದಿಂದ ಬಂದರು. “ಆ ವಾಕ್ಯವನ್ನು ಎಷ್ಟು ಸಲ ಹೇಳಿಕೊಂಡರೂ ಭಯ ಹೋಗಲಿಲ್ಲ, ಅದಕ್ಕೇ ಹೋಗಲಿಲ್ಲ.” ಆಕ್ಟ್‌ನಲ್ಲಿ ಆಗಾಗ ಕಾಣುವ ತೊಡಕು ಇದು: ಅಭ್ಯಾಸವನ್ನು ಭಯ ಅಳಿಸುವ ರಬ್ಬರಿನಂತೆ ಬಳಸುವುದು. ಸಿಬಿಟಿಯ ನೋಟ್‌ಬುಕ್ಕಿನಲ್ಲಿ ಖಚಿತತೆಯ ಅಂಕೆ ಇಳಿಯಿತೇ ಎಂದು ನೋಡುತ್ತೇವೆ. ಇಲ್ಲಿ ನೋಡುವುದು ಹಾಡಿದಿರಾ ಎಂಬುದನ್ನು ಮಾತ್ರ. ಇದನ್ನು ಬಿಡಿಸಿ ಹೇಳಿದ ಮೇಲಿನ ಶುಕ್ರವಾರ ಹೋದರು. ಎರಡನೆಯ ಚರಣ ಮರೆತೇ ಹೋಯಿತಂತೆ. ಪಕ್ಕದವರು ಎತ್ತಿಕೊಂಡರು, ಇವರು ಪಲ್ಲವಿಗೆ ಸೇರಿಕೊಂಡರು.

ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಉತ್ತರ ನೇರವಾಗಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆತಂಕದ ಕಾಯಿಲೆಯಿದ್ದ 128 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಬಿಟಿ, ಇನ್ನೊಂದಕ್ಕೆ ಆಕ್ಟ್ ಕೊಟ್ಟು ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಕೊನೆಗೆ ಎರಡೂ ಗುಂಪಿನ ಸುಧಾರಣೆ ಬಹುಮಟ್ಟಿಗೆ ಒಂದೇ ಆಗಿತ್ತು. ಅವರೆಲ್ಲ ಕಾಯಿಲೆಯ ಮಟ್ಟದ ಆತಂಕದವರು. ಶಾರದಾ ಅವರಂಥ ದಿನನಿತ್ಯದ ಚಿಂತೆಗೆ ಅದನ್ನು ಹಾಗೆಯೇ ಎತ್ತಿ ಹಾಕಲಾಗದು. ಎರಡರ ನಡುವಿನ ಗೋಡೆಯೂ ಗಟ್ಟಿಯಲ್ಲ: ಅನಿಶ್ಚಿತತೆಯನ್ನು ತಾಳಿಕೊಳ್ಳಲು ಕಲಿಸುವ ಸಿಬಿಟಿಯ ಒಂದು ಕವಲೇ ಇದೆ, ನುರಿತ ಸಿಬಿಟಿ ಚಿಕಿತ್ಸಕರು ಮರೆವಿನ ಚಿಂತೆಯನ್ನೂ ಅದರಿಂದಲೇ ನಿಭಾಯಿಸಬಲ್ಲರು.

ಕೊನೆಗೆ ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಹೊಸ ಚಿಂತೆ ಬಂದಾಗ ಅದಕ್ಕೆ ನಾಳೆ ನಾಡಿದ್ದರೊಳಗೆ ಉತ್ತರ ತಿಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ತಿಳಿಯುವುದಾದರೆ ಮೂರು ಕಾಲಂ ಹಾಕಿ, ವಿಚಾರಿಸುವುದನ್ನು ತಡಮಾಡಿ. ತಿಳಿಯದಿದ್ದರೆ ಬರೆಯಬೇಡಿ, ಯೋಚನೆಗೆ ಹೆಸರಿಟ್ಟು, ಅದು ತಡೆಯುತ್ತಿರುವ ಕೆಲಸಕ್ಕೆ ಕೈ ಹಾಕಿ. ನೆನಪಿನ ಬಗ್ಗೆ ನರರೋಗ ತಜ್ಞರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಅದು ಸರಿಯಿದ್ದರೆ ಮನೆಯವರು ಬದಲಾವಣೆ ಗಮನಿಸಿ ಹೇಳುವವರೆಗೆ ಮತ್ತೆ ಬೇಡ. ಮಗ್ಗಿಯ ಪರೀಕ್ಷೆಯಂತೂ ಪೂರ್ತಿ ನಿಲ್ಲಬೇಕು.

ಪರೀಕ್ಷೆಯಲ್ಲಿ ವಯಸ್ಸಿಗೆ ಮೀರಿದ್ದೇನೂ ಕಾಣಲಿಲ್ಲ. ಜಿಎಡಿ-7 ಅಂಕ 5ಕ್ಕೆ ಬಂದಿದೆ. ಮಗ್ಗಿ ಇನ್ನೂ ವಾರಕ್ಕೊಮ್ಮೆ ನುಸುಳುತ್ತದೆ, ಅದರಲ್ಲೂ ಬೆಳಗಿನ ಜಾವ ಎಚ್ಚರವಾದರೆ. ಸದ್ಯ ನಾವು ಕೆಲಸ ಮಾಡುತ್ತಿರುವುದು ಆ ಹೊತ್ತಿನ ಮೇಲೆ.