ಮಾಸ್ಟರ್ ಕಾಪಿ

"ತುಮಕೂರಿನಲ್ಲಿ ಬಿ.ಕಾಂ ಓದ್ತಿದ್ದೀನಿ. ಪುಸ್ತಕ ಪೂರ್ತಿ ಜೆರಾಕ್ಸ್, ಸಾಫ್ಟ್‌ವೇರ್ ಕ್ರ್ಯಾಕ್, ಸಿನಿಮಾ ಟೆಲಿಗ್ರಾಂನಲ್ಲಿ. ಇದು ಕಳ್ಳತನ ಅಂತಾನೆ ಫ್ರೆಂಡ್. ದೊಡ್ಡ ಕಂಪನಿಗಳಿಗೆ ಇದರಿಂದ ಏನು ನಷ್ಟ?"

ನಾನು ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದವನು. ನಿಮ್ಮಂಥವರೇ ನನ್ನ ಗಿರಾಕಿಗಳು. 'ದೊಡ್ಡ ಕಂಪನಿ' ಅನ್ನೋ ಮಾತನ್ನು ನಾನೂ ಆಡುತ್ತಿದ್ದೆ, ಒಬ್ಬ ಮೇಷ್ಟ್ರ ಪುಸ್ತಕ ಕೈಗೆ ಬರುವವರೆಗೆ.

ಅವರು ಕಾಸ್ಟ್ ಅಕೌಂಟಿಂಗ್ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿದ್ದರು. ಪುಟ ಜೋಡಿಸಿದ್ದು ನನ್ನ ಅಂಗಡಿಯಲ್ಲೇ. ಸ್ವಂತ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದರು. ಖರ್ಚು 45,000 ರೂಪಾಯಿ, ಬೆಲೆ 180. ಅಂಗಡಿಯವರ ಕಮಿಷನ್ ಶೇ 40 ಹೋಗಿ ಅವರ ಕೈಗೆ ಬರುತ್ತಿದ್ದದ್ದು ಪ್ರತಿಗೆ 108. ಹಾಕಿದ ದುಡ್ಡು ವಾಪಸ್ ಬರೋಕೆ 417 ಪುಸ್ತಕ ಹೋಗಬೇಕು. ಐನೂರೂ ಖರ್ಚಾದರೆ ಲಾಭ 9,000. ಒಂದು ವರ್ಷ ಕೂತು ಬರೆದದ್ದಕ್ಕೆ ಅಷ್ಟೇ!

ಕಾಲೇಜು ಶುರುವಾದಾಗ ಹುಡುಗರು ಆ ಪುಸ್ತಕ ಹಿಡಿದು ಬಂದರು. ಸ್ಪೈರಲ್ ಬೈಂಡಿಂಗ್ ಸೇರಿ 130ಕ್ಕೆ ಜೆರಾಕ್ಸ್ ಮಾಡಿಕೊಟ್ಟೆ. ಇಲ್ಲಿಯವರೆಗೆ ನನಗೆ ಅಷ್ಟೇನೂ ಬೇಜಾರಿಲ್ಲ. ಆಮೇಲೆ ಮಾಡಿದ್ದೇ ಬೇರೆ. ಒಂದು ಪ್ರತಿಯ ಬೈಂಡಿಂಗ್ ಬಿಚ್ಚಿ ಮಾಸ್ಟರ್ ಕಾಪಿ ಅಂತ ಡ್ರಾದಲ್ಲಿ ಇಟ್ಟುಕೊಂಡೆ. ಯಾರೂ ಕೇಳುವ ಮೊದಲೇ ಸೆಟ್ ತೆಗೆದು ಕೌಂಟರ್ ಮೇಲೆ ಜೋಡಿಸಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವ್ಯತ್ಯಾಸ ಇರೋದೇ ಅಲ್ಲಿ. ಹುಡುಗ ತನ್ನ ಪುಸ್ತಕ ತಂದು ನಾಲ್ಕು ಅಧ್ಯಾಯ ತೆಗೆಸಿದರೆ ನಾನು ಮಾರಿದ್ದು ಮೆಷಿನ್ ಕೆಲಸ. ಸೆಟ್ ಜೋಡಿಸಿಟ್ಟರೆ ಮಾರಿದ್ದು ಮೇಷ್ಟ್ರ ಪುಸ್ತಕ, ಅದೂ ಪಕ್ಕದ ಅಂಗಡಿಯಲ್ಲಿ ಅದೇ ಪುಸ್ತಕ ಇರುವಾಗ. 180 ಕೊಡಲು ರೆಡಿ ಇದ್ದವರೂ ಐವತ್ತು ಉಳಿಯಿತು ಅಂತ ನನ್ನ ಹತ್ತಿರವೇ ಬಂದರು. ಒಬ್ಬೊಬ್ಬರಿಗೆ ಐವತ್ತು ಉಳಿದಾಗಲೂ ಮೇಷ್ಟ್ರಿಗೆ 108 ನಷ್ಟವಾಯಿತು. ಹಾಗೆ 84 ಪ್ರತಿ ನಿಂತರೆ ಸಾಕು, ಅಸಲೂ ಪೂರ್ತಿ ಬರಲ್ಲ.

ಅವರು ಕೇಸು ಹಾಕಲಿಲ್ಲ. ಎರಡನೇ ಭಾಗ ಬರೆಯುವುದನ್ನೇ ಬಿಟ್ಟರು. ಆ ಟೈಪಿಂಗ್ ಕೆಲಸ ನನಗೇ ಬರಬೇಕಿತ್ತು. ಮುಂದಿನ ಬ್ಯಾಚ್‌ನ ಕನ್ನಡ ಮಾಧ್ಯಮದವರು ಇಂಗ್ಲಿಷ್ ಗೈಡ್ ಹಿಡಿದು ಒದ್ದಾಡಿದರು.

ಹಾಗಂತ ನಿಮ್ಮ ಫ್ರೆಂಡ್ ಮಾತನ್ನೂ ನಾನು ಒಪ್ಪಲ್ಲ. ಸೈಕಲ್ ಕದ್ದರೆ ಮಾಲೀಕನ ಹತ್ತಿರ ಸೈಕಲ್ ಇರಲ್ಲ. ಇಲ್ಲಿ ಮೇಷ್ಟ್ರ ಪುಸ್ತಕ ಅವರ ಹತ್ತಿರವೇ ಇತ್ತು, ಹೋದದ್ದು ಮಾರಾಟ. ಆದ್ದರಿಂದ 'ಇದು ಯಾರ ಆಸ್ತಿ' ಅನ್ನೋದಕ್ಕಿಂತ, ಜೆರಾಕ್ಸ್ ಸಿಗದಿದ್ದರೆ ನೀವು ಕೊಳ್ಳುತ್ತಿದ್ದಿರಾ ಅಂತ ಕೇಳಿಕೊಳ್ಳಿ. ಪಾವಗಡದಿಂದ ಬಸ್ ಹಿಡಿದು ಬರುವ, ಫೀಸಿಗೇ ಪರದಾಡುವ ಹುಡುಗ ಯಾವತ್ತೂ ಕೊಳ್ಳುತ್ತಿರಲಿಲ್ಲ. ಅವನಿಂದ ಮೇಷ್ಟ್ರಿಗೆ ನಷ್ಟವಿಲ್ಲ. ಮೊಬೈಲ್‌ಗೆ ಇಪ್ಪತ್ತು ಸಾವಿರ ಕೊಟ್ಟವನದು ಬೇರೆ ಲೆಕ್ಕ. ಪಕ್ಕದವನು 180 ಕೊಟ್ಟದ್ದರಿಂದಲೇ ಪುಸ್ತಕ ಉಳಿಯುತ್ತೆ, ಇವನು ಅದರ ಮೇಲೆ ಬಿಟ್ಟಿ ಓದುತ್ತಾನೆ.

ಕೋರ್ಟೂ ಇದನ್ನೇ ಸ್ವಲ್ಪ ಬೇರೆ ಥರ ನೋಡಿದೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಮೇಲೆ ಕೇಸು ಹಾಕಿದರು. 2016ರಲ್ಲಿ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದಷ್ಟು ಭಾಗ ಪ್ರತಿ ಮಾಡುವುದಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ ಅಂದಿತು. ಕಾಪಿರೈಟ್ ಅನ್ನೋದು ದೇವರು ಕೊಟ್ಟ ಹಕ್ಕಲ್ಲ ಅಂತಲೂ ಹೇಳಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸ್ ತೆಗೆದುಕೊಂಡರು. ಆದರೆ ಅಲ್ಲಿದ್ದದ್ದು ಸಿಲಬಸ್ ಪ್ರಕಾರ ಬೇರೆ ಬೇರೆ ಪುಸ್ತಕಗಳಿಂದ ಆಯ್ದ ಭಾಗಗಳ ಕಟ್ಟು. ನನ್ನ ಕೌಂಟರ್ ಮೇಲಿದ್ದದ್ದು ಒಬ್ಬರ ಪುಸ್ತಕದ ಬದಲಿ. ಆ ತೀರ್ಪು ತೋರಿಸಿ ಅದನ್ನು ಸಮರ್ಥಿಸೋಕೆ ಆಗಲ್ಲ.

ಸಿನಿಮಾಕ್ಕೆ ಪಾಠ, ಬಡತನದ ನೆಪ ಎರಡೂ ನಡೆಯಲ್ಲ. ಅದರಲ್ಲೂ ಬಿಡುಗಡೆಯ ವಾರವೇ ಕನ್ನಡದ ಸಣ್ಣ ಚಿತ್ರವನ್ನು ಟೆಲಿಗ್ರಾಂನಲ್ಲಿ ನೋಡುವುದು ಮೇಷ್ಟ್ರಿಗೆ ನಾನು ಮಾಡಿದ ಕೆಲಸವೇ. ಸಾಫ್ಟ್‌ವೇರ್‌ಗೆ ಅದೇ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಇದೆ. ಗೊತ್ತಿದ್ದೂ ಕದ್ದ ಪ್ರತಿ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, 50,000ದಿಂದ ಎರಡು ಲಕ್ಷ ದಂಡ. ದುಡಿಮೆಗೆ ಬಳಸದಿದ್ದರೆ ಜೈಲು ಬಿಟ್ಟು ಬರೀ ದಂಡ ಹಾಕುವ ಅವಕಾಶ ಕೋರ್ಟಿಗಿದೆ. ಡಿಟಿಪಿ ಅಂಗಡಿಯವರು ಈ ಸಾಲನ್ನು ಎರಡು ಸಲ ಓದಬೇಕು. ಕನ್ನಡ ಟೈಪ್ ಮಾಡೋಕೆ ನುಡಿ ಉಚಿತ, ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಉಚಿತ.

ನಿಮ್ಮ ವಿಷಯಕ್ಕೆ ಬಂದರೆ, ವಿದೇಶಿ ಪ್ರಕಾಶಕರ ದಪ್ಪ ಪುಸ್ತಕದಲ್ಲಿ ಎರಡು ಅಧ್ಯಾಯ ಬೇಕಾ? ಲೈಬ್ರರಿ ಪ್ರತಿ ತಂದು ಅಷ್ಟು ತೆಗೆಸಿ. ಕನ್ನಡ ಪುಸ್ತಕ, ಅದರಲ್ಲೂ ಲೇಖಕರ ವಿಳಾಸವೇ ಪ್ರಕಾಶಕರ ವಿಳಾಸ ಆಗಿದ್ದರೆ, ಕೊಂಡುಕೊಳ್ಳಿ. ಆಗದಿದ್ದರೆ ಸೀನಿಯರ್ ಹತ್ತಿರ ಅರ್ಧ ಬೆಲೆಗೆ ಹಳೆಯದು ತಗೊಳ್ಳಿ, ಇಲ್ಲಾ ಇಬ್ಬರು ಸೇರಿ ಒಂದು ತನ್ನಿ. ಲೇಖಕರು ಇಲ್ಲಿಯವರೇ ಆಗಿದ್ದರೆ ನೇರವಾಗಿ ಹೋಗಿ ಕೇಳಿ. ಅಂಗಡಿ ಕಮಿಷನ್ ಉಳಿಯುವುದರಿಂದ 180ರ ಪುಸ್ತಕವನ್ನು 130ಕ್ಕೆ ಕೊಟ್ಟರೂ ಅವರಿಗೆ ಜಾಸ್ತಿಯೇ ಸಿಗುತ್ತೆ.