ಹರ್ಡಲ್ ಬಿದ್ದರೆ ಔಟ್ ಇಲ್ಲ, ಆದರೆ ಲೆಕ್ಕ ತಪ್ಪುತ್ತದೆ

ಪ್ರಶ್ನೆ: ಹರ್ಡಲ್ಸ್ ಓಟದಲ್ಲಿ ಹರ್ಡಲ್ ಬೀಳಿಸಿದರೂ ಔಟ್ ಕೊಡಲ್ಲ ಅಂತಾರೆ. ಹಾಗಾದ್ರೆ ಕಷ್ಟಪಟ್ಟು ಹಾರೋದೇ ಯಾಕೆ, ಎಲ್ಲವನ್ನೂ ತಳ್ಳಿಕೊಂಡೇ ಓಡಬಹುದಲ್ವಾ?

ಬೇಕಂತಲೇ ತಳ್ಳಿದರೆ ಔಟ್ ಕೊಡುತ್ತಾರೆ. ಹಾರುವಾಗ ತಾನಾಗಿ ತಾಗಿ ಹತ್ತಕ್ಕೆ ಹತ್ತೂ ಬಿದ್ದರೆ ಏನೂ ಇಲ್ಲ. ಆದರೆ ಜೋರಾಗಿ ತಾಗಿಸಿಕೊಂಡು ಹೋದವರು ಹತ್ತನೆಯದನ್ನು ತಲುಪುವ ಹೊತ್ತಿಗೆ ಉಳಿದವರು ಓಟ ಮುಗಿಸಿರುತ್ತಾರೆ. ಕಾಲೇಜಿನಲ್ಲಿ ಮೂರು ವರ್ಷ ನಾನು 100 ಮೀಟರ್ ಹರ್ಡಲ್ಸ್ ಓಡಿದ್ದೇನೆ. ಮೊಣಕಾಲಿನ ಕಲೆಗಳು ಇನ್ನೂ ಇವೆ. ಹಾಗಾಗಿ ಆ ಓಟವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮಹಿಳೆಯರ 100 ಮೀಟರ್‌ನಲ್ಲಿ ಹತ್ತು ಹರ್ಡಲ್ ಇರುತ್ತವೆ. ಮೊದಲನೆಯದು ಸ್ಟಾರ್ಟ್‌ನಿಂದ 13 ಮೀಟರ್ ದೂರದಲ್ಲಿ. ಆಮೇಲೆ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 8.5 ಮೀಟರ್. ಓಡುವವಳು ಉದ್ದವೋ ಗಿಡ್ಡವೋ, ಸುಸ್ತಾಗಿದ್ದಾಳೋ ಇಲ್ಲವೋ, ಈ ಅಂತರ ಬದಲಾಗುವುದಿಲ್ಲ. ಇಡೀ ಆಟ ನಿಂತಿರುವುದು ಇದರ ಮೇಲೆ.

ಈಗ ಒಂದು ಸಣ್ಣ ಲೆಕ್ಕ. ಒಳ್ಳೆಯ ಹರ್ಡಲರ್ ಹರ್ಡಲ್‌ಗಿಂತ ಸುಮಾರು ಎರಡು ಮೀಟರ್ ಮೊದಲೇ ನೆಲ ಬಿಡುತ್ತಾಳೆ. ದಾಟಿದ ಮೇಲೆ ಸುಮಾರು ಒಂದು ಮೀಟರ್ ಆಚೆ ಇಳಿಯುತ್ತಾಳೆ. ಅಂದರೆ 8.5ರಲ್ಲಿ ಮೂರು ಮೀಟರ್ ಗಾಳಿಯಲ್ಲೇ ಹೋಯಿತು. ಉಳಿದ ಐದೂವರೆ ಮೀಟರನ್ನು ಮೂರೇ ಹೆಜ್ಜೆಯಲ್ಲಿ ಮುಗಿಸಬೇಕು. ಇಳಿದ ತಕ್ಷಣದ ಹೆಜ್ಜೆ ಚಿಕ್ಕದು, ಎರಡನೆಯದು ದೊಡ್ಡದು, ಮೂರನೆಯದು ಹಾರುವ ತಯಾರಿಗಾಗಿ ತುಸು ಮೊಟಕು.

ಮೂರೇ ಯಾಕೆ ಅಂತ ಕೇಳಬಹುದು. ಮೂರು ಹೆಜ್ಜೆ ಇಟ್ಟರೆ ಪ್ರತಿ ಸಲವೂ ಅದೇ ಕಾಲು ಮುಂದೆ ಹೋಗುತ್ತದೆ. ನಾಲ್ಕು ಇಟ್ಟರೆ ಒಂದು ಸಲ ಬಲಗಾಲು, ಇನ್ನೊಂದು ಸಲ ಎಡಗಾಲು ಮುಂದೆ. ಎರಡೂ ಕಾಲಲ್ಲಿ ಒಂದೇ ಥರ ದಾಟುವುದು ಕಷ್ಟ, ಹೆಜ್ಜೆಯೂ ಗಿಡ್ಡ ಆಗುತ್ತದೆ. ಐದಾದರೆ ಕಾಲು ಬದಲಾಗುವುದಿಲ್ಲ, ಆದರೆ ಆಗ ಓಡಿದ ಹಾಗಲ್ಲ, ತುಳಿದ ಹಾಗೆ. ನನ್ನ ಮೊದಲ ವರ್ಷ ಪೂರ್ತಿ ಐದು ಹೆಜ್ಜೆಯಲ್ಲೇ ಕಳೆಯಿತು. ಸರ್ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, "ಹರ್ಡಲ್ ನೋಡಬೇಡ, ಒಂದು, ಎರಡು, ಮೂರು ಅಂತ ಎಣಿಸು ಸಾಕು" ಅನ್ನುತ್ತಿದ್ದರು.

400 ಮೀಟರ್ ಹರ್ಡಲ್ಸ್‌ನಲ್ಲಿ ಅಂತರ 35 ಮೀಟರ್. ಅಮೆರಿಕದ ಎಡ್ವಿನ್ ಮೋಸೆಸ್ ಕೊನೆಯವರೆಗೂ 13 ಹೆಜ್ಜೆಯನ್ನೇ ಕಾಪಾಡಿಕೊಂಡು ಓಡುತ್ತಿದ್ದ, ಅದಕ್ಕೇ ಅವನನ್ನು ವರ್ಷಗಟ್ಟಲೆ ಯಾರೂ ಸೋಲಿಸಲಾಗಲಿಲ್ಲ. ಅಲ್ಲಿ ಸುಸ್ತಾದಾಗ ಹೆಜ್ಜೆ ಹೆಚ್ಚಿಸಿಕೊಳ್ಳಬಹುದು. ನಮ್ಮ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಓಟದಲ್ಲಿ. ಆದರೆ 100 ಮೀಟರ್‌ನಲ್ಲಿ ಆ ಸೌಕರ್ಯ ಇಲ್ಲ. ಮೂರು ಅಂದರೆ ಮೂರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮುಂದಿನ ಕಾಲಿನ ಹಿಮ್ಮಡಿ ಹರ್ಡಲ್‌ಗೆ ಬಡಿಯಿತು ಅಂದುಕೊಳ್ಳಿ. ಕಾಲು ತಡೆಯಿತು, ಮೈ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಮುಗ್ಗರಿಸದೆ ಇರಲು ಕೈ ಅತ್ತಿತ್ತ ಬೀಸಬೇಕಾಗುತ್ತದೆ, ಇಳಿಯುವ ಜಾಗ ತಪ್ಪುತ್ತದೆ. ಹಿಂದಿನ ಕಾಲಿನ ಮೊಣಕಾಲೋ ಪಾದದ ಗಂಟೋ ತಾಗಿದರೆ ಸೊಂಟ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಮೊದಲ ಹೆಜ್ಜೆ ನೇರ ಬೀಳದೆ ಸೊಟ್ಟ ಬೀಳುತ್ತದೆ. ಬಡಿದ ಏಟಿನಿಂದಲೇ ಕಳೆದುಹೋಗುವ ವೇಗ ಅಷ್ಟೇನಲ್ಲ. ಪೆಟ್ಟು ಬೀಳುವುದು ಆಮೇಲೆ. ನೀವು ಇಪ್ಪತ್ತು ಸೆಂಟಿಮೀಟರ್ ಹಿಂದೆ ಇಳಿದಿದ್ದೀರಿ, ವೇಗವೂ ಇಳಿದಿದೆ. ಆದರೆ ಮುಂದಿನ ಹರ್ಡಲ್ ಎಲ್ಲಿತ್ತೋ ಅಲ್ಲೇ ಇದೆ. ಕಡಿಮೆ ವೇಗದಲ್ಲಿ ಮೂರೇ ಹೆಜ್ಜೆಯಲ್ಲಿ ಜಾಸ್ತಿ ದೂರ ಹೋಗಬೇಕು. ಹೆಜ್ಜೆ ಎಳೆದು ಎಳೆದು ಹಾಕಿದರೆ ಪಾದ ಮೈಗಿಂತ ತುಂಬಾ ಮುಂದೆ ಬಿದ್ದು ಬ್ರೇಕ್ ಹಾಕಿದ ಹಾಗಾಗುತ್ತದೆ. ನೆಲ ಬಿಡುವ ಜಾಗವೂ ದೂರವಾಗುತ್ತದೆ, ಹಾಗಾಗಿ ಮುಂದಿನದೂ ತಾಗುತ್ತದೆ. ಒಂದು ಕಾಲೇಜು ಕೂಟದಲ್ಲಿ ನಾನು ನಾಲ್ಕನೆಯದಕ್ಕೆ ಬಡಿದೆ. ಐದನೆಯದೂ ಬಿತ್ತು, ಆರನೆಯದೂ ಬಿತ್ತು. ಏಳನೆಯದರ ಮುಂದೆ ಸುಮ್ನೆ ನಿಂತುಬಿಟ್ಟೆ.

ದೊಡ್ಡವರಿಗೂ ಹೀಗೇ ಆಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಲೋಲೋ ಜೋನ್ಸ್ ಮುಂದಿದ್ದಳು. ಸೆಮಿಫೈನಲ್‌ನಲ್ಲಿ 12.43 ಸೆಕೆಂಡಿನಲ್ಲಿ ಓಡಿದ್ದಳು. ಫೈನಲ್‌ನಲ್ಲಿ ಒಂಬತ್ತನೇ ಹರ್ಡಲ್‌ಗೆ ಕಾಲು ಬಡಿಯಿತು. ಅವಳು ಬೀಳಲಿಲ್ಲ, ಔಟೂ ಆಗಲಿಲ್ಲ. ಆದರೆ 12.72ಕ್ಕೆ ಮುಗಿಸಿ ಏಳನೆಯವಳಾದಳು. ಗೆದ್ದ ಡಾನ್ ಹಾರ್ಪರ್ ಸಮಯ 12.54. ಇನ್ನು ಉಳಿದದ್ದು ಒಂದೇ ಹರ್ಡಲ್ ಆಗಿದ್ದರೂ ಆ ಒಂದು ಏಟು ಮೊದಲ ಸ್ಥಾನದಿಂದ ಏಳಕ್ಕೆ ತಳ್ಳಿತು. ಅದಕ್ಕಿಂತ ಬೇರೆ ಶಿಕ್ಷೆ ಯಾಕೆ ಬೇಕು, ಅಲ್ವಾ?

ಮೊದಲು ಶಿಕ್ಷೆ ಇತ್ತು. ಒಂದೇ ಒಂದು ಹರ್ಡಲ್ ಬಿದ್ದರೂ ದಾಖಲೆಯನ್ನು ಒಪ್ಪುತ್ತಿರಲಿಲ್ಲ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಐರ್ಲೆಂಡಿನ ಬಾಬ್ ಟಿಸ್ಡಾಲ್ ಚಿನ್ನ ಗೆದ್ದ. ಕೊನೆಯ ಹರ್ಡಲ್ ಬೀಳಿಸಿದ್ದ. ಹಾಗಾಗಿ ವಿಶ್ವದಾಖಲೆ ಎರಡನೆಯವನಾಗಿ ಬಂದ ಗ್ಲೆನ್ ಹಾರ್ಡಿನ್ ಪಾಲಾಯಿತು! ಆ ಕಾಲದ ಹರ್ಡಲ್‌ಗೆ ಮುಂದೂ ಹಿಂದೂ ಕಾಲಿರುತ್ತಿತ್ತು, ಬಡಿದರೆ ಸುಲಭಕ್ಕೆ ಬೀಳುತ್ತಿರಲಿಲ್ಲ, ಓಡುವವರಿಗೇ ಪೆಟ್ಟು. 1930ರ ದಶಕದಲ್ಲಿ ಇಂಗ್ಲಿಷಿನ ಎಲ್ ಆಕಾರದ ಹರ್ಡಲ್ ಬಂತು. ಅದರ ಕಾಲು ಓಡಿ ಬರುವವರ ಕಡೆಗೆ ಚಾಚಿರುತ್ತದೆ, ಹಾಗಾಗಿ ತಾಗಿದರೆ ಮುಂದಕ್ಕೆ ಮಗುಚುತ್ತದೆ. ಈಗಿನ ನಿಯಮದ ಪ್ರಕಾರ ಮೇಲಿನ ಪಟ್ಟಿಯ ನಡುವೆ ಸುಮಾರು ನಾಲ್ಕು ಕಿಲೋ ತೂಕದಷ್ಟು ಬಲ ಬಿದ್ದರೆ ಅದು ಬೀಳಬೇಕು. ತೀರಾ ಹಗುರವೂ ಅಲ್ಲ, ಕಾಲು ಮುರಿಯುವಷ್ಟು ಗಟ್ಟಿಯೂ ಅಲ್ಲ. ಅಭ್ಯಾಸಕ್ಕೆ ಹರ್ಡಲ್ ಜೋಡಿಸುವಾಗ ಉಲ್ಟಾ ಮಾತ್ರ ಇಡಬೇಡಿ, ಬಡಿದರೆ ಬೀಳುವುದು ಹರ್ಡಲ್ ಅಲ್ಲ, ನೀವು.

ಔಟ್ ಆಗುವುದು ಬೇರೆ ಕಾರಣಗಳಿಗೆ. ಕೈಯಿಂದ ತಳ್ಳಿದರೆ, ಕಾಲನ್ನು ಹರ್ಡಲ್‌ನ ಮೇಲಿಂದ ತರದೆ ಪಕ್ಕದಿಂದ ಕೆಳಗಾಗಿ ಎಳೆದುಕೊಂಡು ಹೋದರೆ, ಒಂದನ್ನು ಬಿಟ್ಟು ಓಡಿದರೆ, ಪಕ್ಕದ ಲೇನಿನವರಿಗೆ ಅಡ್ಡಿ ಮಾಡಿದರೆ. 2011ರಲ್ಲಿ ದೇಗುವಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ಯೂಬಾದ ಡೇರನ್ ರೋಬ್ಲೆಸ್ ಮೊದಲಿಗನಾಗಿ ಬಂದರೂ ಚಿನ್ನ ಕಳೆದುಕೊಂಡದ್ದು ಹರ್ಡಲ್ ಬೀಳಿಸಿದ್ದಕ್ಕಲ್ಲ. ಪಕ್ಕದ ಲಿಯು ಶಿಯಾಂಗ್‌ಗೆ ಅವನ ಕೈ ತಾಗಿತ್ತು.

ಇನ್ನೊಂದು ಮಾತು. ಎಲ್ಲ ತಾಗುವಿಕೆಯೂ ಕೆಟ್ಟದ್ದಲ್ಲ. ಗಾಳಿಯಲ್ಲಿದ್ದಾಗ ನೆಲ ಒದ್ದು ವೇಗ ಪಡೆಯಲು ಆಗುವುದಿಲ್ಲ, ಹಾಗಾಗಿ ಭಯಕ್ಕೆ ಒಂದು ಗೇಣು ಮೇಲೆ ಹಾರುವವರಿಗಿಂತ ತೊಡೆ ಸವರಿಕೊಂಡು ಹೋಗುವವರೇ ಬೇಗ ಇಳಿಯುತ್ತಾರೆ. ಟಿವಿಯಲ್ಲಿ ನೋಡುವಾಗ ಬಿದ್ದ ಹರ್ಡಲ್‌ಗಳನ್ನು ಎಣಿಸಬೇಡಿ. ತಾಗಿದ ಮೇಲೆ ಇಳಿಯುವ ಪಾದ ನೋಡಿ. ಅದು ಸೊಂಟದ ಅಡಿಗೇ ಬಿದ್ದು ಕೈ ಅಲುಗದೆ ಇದ್ದರೆ ಏನೂ ಆಗಿಲ್ಲ. ಪಾದ ಮುಂದೆ ಬಿದ್ದು ಎದೆ ಎದ್ದು ನಿಂತರೆ ಮುಂದಿನ ಹರ್ಡಲ್‌ನಲ್ಲಿ ಏನಾಗುತ್ತದೆ ಅಂತ ನೀವೇ ಮೊದಲೇ ಹೇಳಬಹುದು.